614ನೆಯ ಕೋಣೆಯಿಂದ ರಿಸೆಪ್ಷನ್ನಿಗೆ ಒಂದು ಸಂದೇಶ

ಯೂರೋಪಿನಲ್ಲಾಗಲಿ, ಕೊಲ್ಲಿ ದೇಶಗಳಲ್ಲಾಗಲಿ, ಸಿಂಗಪುರದಲ್ಲಾಗಲಿ ಹೊಸದಾಗಿ ಕಟ್ಟಿದ ಕೆಲವು ಹೋಟೆಲುಗಳಲ್ಲಿ ಗೋಡೆಯ ಸ್ವಿಚ್ಚುಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ದೀಪ, ಪರದೆ, ಹವಾನಿಯಂತ್ರಣ, ಬೆಳಗಿನ ಅಲಾರಂ, ‘ತೊಂದರೆ ಕೊಡಬೇಡಿ’ ಎಂಬ ಸೂಚನೆ, ಕೊನೆಗೆ ರಿಸೆಪ್ಷನ್ನಿಗೆ ಮಾಡುವ ಕರೆ ಕೂಡ ಮಂಚದ ಪಕ್ಕದಲ್ಲಿ ನಿಲ್ಲಿಸಿಟ್ಟ ಒಂದು ಟ್ಯಾಬ್ಲೆಟ್ಟಿನೊಳಗೆ ಸೇರಿಕೊಂಡಿವೆ. ಮೇಜಿನ ಮೇಲಿನ ದೂರವಾಣಿಯನ್ನೂ ಎತ್ತಿಟ್ಟುಬಿಟ್ಟಿರುವ ಹೋಟೆಲುಗಳನ್ನು ನಾನೇ ಕಂಡಿದ್ದೇನೆ. ಪರದೆಯ ಮೇಲಿನ ಭಾಷೆ ನಮಗೆ ತಿಳಿದಿರುವವರೆಗೆ ಇದು ಸೊಗಸಾದ ಏರ್ಪಾಡು. ಹಿಂದಿನ ಅತಿಥಿ ಬಿಟ್ಟುಹೋದ ಭಾಷೆಯಲ್ಲಿಯೇ ಅದು ನಿಂತುಹೋಗಿದ್ದರೆ, ದೀಪವೊಂದನ್ನು ಆರಿಸುವುದಕ್ಕೂ ಮತ್ತೊಬ್ಬರ ನೆರವು ಬೇಕಾಗುತ್ತದೆ. ಆ ನೆರವನ್ನು ಕೇಳುವ ಗುಂಡಿಯೂ ಅದೇ ಭಾಷೆಯೊಳಗೆ ಅಡಗಿರುತ್ತದೆ.

ಮಕ್ಕಳನ್ನು, ಮೊಮ್ಮಕ್ಕಳನ್ನು ನೋಡಲು ಹೊರಡುವ ಹಿರಿಯರು ದಾರಿಯಲ್ಲಿ ಇಂಥ ಕೋಣೆಯಲ್ಲಿ ಒಂದು ರಾತ್ರಿ ಕಳೆಯುವುದು ಈಗ ಸಾಮಾನ್ಯ. ಅವರ ಮನೆಯವರೂ, ಮುಂದೆ ಹೊರದೇಶಕ್ಕೆ ಹೊರಡಲಿರುವವರೂ ತಿಳಿದಿರಬೇಕೆಂದು ಕಳೆದ ಜುಲೈಯಲ್ಲಿ ನಮ್ಮ ಅಕ್ಕ-ಭಾವನವರಿಗೆ ಜರ್ಮನಿಯ ಮ್ಯೂನಿಕ್ಕಿನಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಭಾವನವರಿಗೆ 74, ಅಕ್ಕನಿಗೆ 70. ಸಾಗರದ ಕಡೆಯವರು. ಮರುದಿನ ಬೆಳಿಗ್ಗೆ ಪ್ರವಾಸದ ತಂಡವನ್ನು ಕೂಡಿಕೊಳ್ಳಬೇಕಿದ್ದುದರಿಂದ ಆ ರಾತ್ರಿ ಆರನೆಯ ಮಹಡಿಯ ಕೋಣೆಯೊಂದರಲ್ಲಿ ಇಬ್ಬರೇ ಉಳಿದಿದ್ದರು. ನಾನಿರುವುದು ಇಂಗ್ಲೆಂಡಿನಲ್ಲಿ. ನಮ್ಮಲ್ಲಿ ರಾತ್ರಿ 9.40, ಅವರಲ್ಲಿ 10.40, ಊರಿನ ಗಡಿಯಾರದಲ್ಲಿ ಆಗಲೇ ಬೆಳಗಿನ ಜಾವ 2.10. ದೇಹವಿನ್ನೂ ಊರಿನ ಗಡಿಯಾರವನ್ನೇ ಅನುಸರಿಸುತ್ತಿರುವ ಹೊತ್ತದು. ಹೋಟೆಲಿನ ವೈಫೈ ಹಿಡಿದು ಭಾವನವರು ವಾಟ್ಸಾಪಿನಲ್ಲಿ ಕರೆ ಮಾಡಿದರು.

“ಈ ಡಬ್ಬಿ ಪೂರ್ತಿ ಅರಬ್ಬಿಯಲ್ಲಿದೆ ಮಾರಾಯ. ಏಸಿ ಕಡಿಮೆ ಮಾಡೋಣ ಅಂತ ಎಳೆದಷ್ಟೂ ಚಳಿ ಹೆಚ್ಚಾಗ್ತಾ ಇದೆ. ನಿಮ್ಮಕ್ಕ ನಡುಗ್ತಾ ಇದ್ದಾಳೆ.”

ಮ್ಯೂನಿಕ್ಕಿನ ಹೋಟೆಲಿನಲ್ಲಿ ಅರಬ್ಬಿ ಎಲ್ಲಿಂದ ಬಂತು ಎಂದು ಬೆರಗಾಗಬೇಕಿಲ್ಲ. ಕೊಲ್ಲಿ ದೇಶಗಳಿಂದ ಬೇಸಿಗೆ ಕಳೆಯಲು ಬರುವವರೂ, ಅಲ್ಲಿನ ಆಸ್ಪತ್ರೆಗಳಿಗೆ ಚಿಕಿತ್ಸೆಗಾಗಿ ಬರುವ ರೋಗಿಗಳೂ ಅವರ ಬಂಧುಗಳೂ ಆ ನಗರಕ್ಕೆ ಬಹುಕಾಲದ ಅತಿಥಿಗಳು. ಅಂಗಡಿಗಳಲ್ಲಿ, ಆಸ್ಪತ್ರೆಗಳಲ್ಲಿ ಅರಬ್ಬಿ ಬಲ್ಲ ಸಿಬ್ಬಂದಿಯನ್ನು ಕಾಣಬಹುದು. ಹೋಟೆಲಿನ ಟ್ಯಾಬ್ಲೆಟ್ಟಿನಲ್ಲಿ ಆ ಭಾಷೆ ಇರುವುದು ಉಪಚಾರವೇ. ಅವರು ಹೊರಟುಹೋದ ಮೇಲೂ ಭಾಷೆ ಉಳಿದುಬಿಟ್ಟದ್ದು ಮಾತ್ರ ತೊಡಕಾಯಿತು.

‘ನಡುಗುತ್ತಿದ್ದಾಳೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಟ್ಯಾಬ್ಲೆಟ್ಟು ನನ್ನ ಮನಸ್ಸಿನಲ್ಲಿ ಹಿಂದೆ ಸರಿಯಿತು. ಅಕ್ಕ ಇನ್ಸುಲಿನ್ ತೆಗೆದುಕೊಳ್ಳುವವರು. ರಕ್ತದ ಸಕ್ಕರೆ ಕುಸಿದಾಗಲೂ ಕೈ ನಡುಗುತ್ತದೆ; ವಿಮಾನಯಾನದಲ್ಲಿ ಊಟದ ಹೊತ್ತು ಏರುಪೇರಾದ ದಿನ ಹಾಗಾಗುವ ಸಂಭವ ಇನ್ನೂ ಹೆಚ್ಚು. ಚಳಿಯ ನಡುಕಕ್ಕೂ ಸಕ್ಕರೆ ಇಳಿದ ನಡುಕಕ್ಕೂ ದೂರದಿಂದ ವ್ಯತ್ಯಾಸ ತಿಳಿಯುವುದು ಕಷ್ಟ. ಬೆವರು, ಎದೆಬಡಿತ, ಹಸಿವು, ಮಾತಿನಲ್ಲಿ ಗೊಂದಲ ಇವೆಲ್ಲ ಸಕ್ಕರೆ ಇಳಿದುದನ್ನು ಸೂಚಿಸುತ್ತವೆ. ಒಣಗಿದ ತಣ್ಣನೆಯ ಚರ್ಮ, ಹೊದಿಕೆಯೊಳಗೆ ಮುದುಡಿಕೊಳ್ಳುವ ಆಸೆ ಚಳಿಯನ್ನು. ಆದರೆ ಊಹೆಗೆ ಬಿಡುವ ವಿಷಯವಲ್ಲ ಇದು. ಬೆರಳು ಚುಚ್ಚಿ ನೋಡಲು ಹೇಳಿದೆ. 138 ಬಂತು. 70ಕ್ಕಿಂತ ಕಡಿಮೆ ಇದ್ದಿದ್ದರೆ ನಾನು ಹೋಟೆಲಿನ ಮಾತನ್ನೇ ಎತ್ತದೆ ಮೊದಲು ಸಕ್ಕರೆ ಅಥವಾ ಹಣ್ಣಿನ ರಸ ಕುಡಿಸಿ ಎನ್ನುತ್ತಿದ್ದೆ. ಎಚ್ಚರ ತಪ್ಪುವಂತಿದ್ದರೆ ರಿಸೆಪ್ಷನ್ನಿಗಾಗಿ ಕಾಯದೆ 112ಕ್ಕೆ ಕರೆ ಮಾಡಬೇಕು. ಯೂರೋಪಿನ ಒಕ್ಕೂಟದ ಎಲ್ಲ ದೇಶಗಳಲ್ಲೂ ತುರ್ತು ಸಂಖ್ಯೆ ಅದೇ.

ಹಾಗಾದರೆ ಇದು ಚಳಿಯೇ. ಏಕೆ ಎಳೆದಷ್ಟೂ ಚಳಿ ಹೆಚ್ಚಾಯಿತು? ವಿಡಿಯೊದಲ್ಲಿ ಪರದೆಯನ್ನು ತೋರಿಸಿದಾಗ ಕಾರಣ ತಿಳಿಯಿತು. ಅರಬ್ಬಿ ಬಲದಿಂದ ಎಡಕ್ಕೆ ಸಾಗುವ ಭಾಷೆ. ಭಾಷೆಯನ್ನು ಅರಬ್ಬಿಗೆ ಬದಲಿಸಿದಾಗ ಅಕ್ಷರಗಳಷ್ಟೇ ಬದಲಾಗುವುದಿಲ್ಲ. ಬಹುತೇಕ ತಂತ್ರಾಂಶಗಳಲ್ಲಿ ಇಡೀ ಪರದೆಯೇ ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳುತ್ತದೆ. ಹಿಂದಕ್ಕೆ ಹೋಗುವ ಬಾಣ ಬಲಕ್ಕೆ ಬರುತ್ತದೆ. ಬಲಮೂಲೆಯಲ್ಲಿದ್ದ ಭಾಷೆಯ ಚಿಹ್ನೆ ಎಡಮೂಲೆಗೆ ಸರಿಯುತ್ತದೆ. ಉಷ್ಣತೆಯನ್ನು ಏರಿಸಿ ಇಳಿಸುವ ಜಾರುಪಟ್ಟಿಯ ಆರಂಭ ಬಲತುದಿಯಲ್ಲಿರುತ್ತದೆ, ಎಡಕ್ಕೆ ಎಳೆದರೆ ಏರುತ್ತದೆ. ಭಾವನವರು ಜೀವಮಾನವಿಡೀ ರೂಢಿಯಾದಂತೆ ಹೆಚ್ಚಿಸಲೆಂದು ಬಲಕ್ಕೆ ಎಳೆದಿದ್ದಾರೆ. ಕೋಣೆ ವಿಧೇಯವಾಗಿ ತಣ್ಣಗಾಗಿದೆ.

ಅಂಕಿಗಳೂ ನೆರವಿಗೆ ಬರಲಿಲ್ಲ. ಅರಬ್ ಜಗತ್ತಿನ ಪೂರ್ವಭಾಗದಲ್ಲಿ ಬಳಸುವ ಅಂಕಿಗಳ ಆಕಾರವೇ ಬೇರೆ. ಪರದೆಯ ಮೇಲೆ ‘١٦’ ಎಂದಿತ್ತು. ಭಾವನವರು ಅದನ್ನು 17 ಎಂದು ಓದಿದ್ದರು, ಅದು 16. ಅಲ್ಲಿನ ಆರು ನಮ್ಮ ಕಣ್ಣಿಗೆ ಏಳಿನಂತೆ ಕಾಣುತ್ತದೆ, ಅಲ್ಲಿನ ಐದು ‘٥’ ಸೊನ್ನೆಯಂತೆ. ಅಂಕಿಗಳನ್ನು ಮಾತ್ರ ಅವರೂ ನಮ್ಮಂತೆಯೇ ಎಡದಿಂದ ಬಲಕ್ಕೆ ಬರೆಯುತ್ತಾರೆ, ಅದೊಂದು ಸಮಾಧಾನ. ವಾಸದ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಯಸ್ಸಾದವರಿಗೆ ಅದಕ್ಕಿಂತ ತುಸು ಹೆಚ್ಚೇ ಹಿತ. 16 ಡಿಗ್ರಿಯ ಗಾಳಿಯನ್ನು ರಾತ್ರಿಯೆಲ್ಲ ಮೈಮೇಲೆ ಬೀಸಿಸಿಕೊಳ್ಳುವುದು ಎಪ್ಪತ್ತರ ಜೀವಕ್ಕೆ ಸಣ್ಣ ಮಾತಲ್ಲ.

ಎಡಕ್ಕೆ ಎಳೆಯಿರಿ ಎಂದು ಹೇಳುವಷ್ಟರಲ್ಲಿ ಆ ಪುಟ ಮುಚ್ಚಿಹೋಗಿ ಬೇರೇನೋ ತೆರೆದುಕೊಂಡಿತ್ತು. ಮತ್ತೆ ಹುಡುಕುವಾಗ ಕೋಣೆಯ ಎಲ್ಲ ದೀಪಗಳೂ ಒಮ್ಮೆಲೇ ಆರಿದವು. ಹೀಗೆಯೇ ಗುಂಡಿಗಳನ್ನು ಒತ್ತುತ್ತ ಹೋಗುವುದನ್ನು ಅಲ್ಲಿಗೆ ನಿಲ್ಲಿಸಿ ಎಂದೆ. ಕತ್ತಲಲ್ಲಿ, ಅಪರಿಚಿತ ಕೋಣೆಯಲ್ಲಿ, ಸ್ನಾನದ ಮನೆಯ ದಾರಿ ಹುಡುಕುತ್ತ ಹಿರಿಯರು ಬೀಳುವುದು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ತೊಡೆಯೆಲುಬಿನ ಕುತ್ತಿಗೆ ಮುರಿದು ಬರುವವರಲ್ಲಿ ಎಷ್ಟೋ ಮಂದಿ ಬಿದ್ದದ್ದು ಇಂಥ ನಾಲ್ಕು ಹೆಜ್ಜೆಯಲ್ಲೇ. ಫೋನಿನ ಟಾರ್ಚನ್ನು ಹೊತ್ತಿಸಿ ಸ್ನಾನದ ಮನೆಯ ಬಾಗಿಲಿನತ್ತ ಇಡಲು ಹೇಳಿದೆ.

ಇನ್ನೊಂದು ಉಪಾಯವೂ ಇತ್ತು. ಯೂರೋಪಿನ ಅನೇಕ ಹೋಟೆಲುಗಳಲ್ಲಿ ಕಿಟಕಿಯ ಚೌಕಟ್ಟಿನೊಳಗೆ ಒಂದು ಸಣ್ಣ ಸಂವೇದಕವಿರುತ್ತದೆ. ಕಿಟಕಿ ತೆರೆದರೆ ಹವಾನಿಯಂತ್ರಣ ತಾನಾಗಿಯೇ ನಿಲ್ಲುತ್ತದೆ. ವಿದ್ಯುತ್ತಿನ ಉಳಿತಾಯಕ್ಕೆಂದು ಮಾಡಿದ ಏರ್ಪಾಡದು. ಕಿಟಕಿಯನ್ನು ಒಂದು ಗೇಣು ಓರೆಯಾಗಿ ತೆರೆದ ಸ್ವಲ್ಪ ಹೊತ್ತಿಗೆ ಗಾಳಿ ಬೀಸುವುದು ನಿಂತಿತು. ಜುಲೈ ಆದ್ದರಿಂದ ಹೊರಗಿನ ಗಾಳಿ ಕೋಣೆಯ ಗಾಳಿಗಿಂತ ಬೆಚ್ಚಗಿತ್ತು. ಜನವರಿಯಲ್ಲಾಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ.

ಈಗ ಸಂದೇಶದ ಮಾತಿಗೆ ಬರೋಣ. ನನಗೆ ಕರೆ ಮಾಡುವ ಮುನ್ನವೇ ಭಾವನವರು ಹೋಟೆಲಿನ ಚಾಟಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು. ಕೋಣೆಯ ಟ್ಯಾಬ್ಲೆಟ್ ಸಿಕ್ಕಿಹಾಕಿಕೊಂಡಿದೆ, ಆದಷ್ಟು ಬೇಗ ಅಗತ್ಯ ಕ್ರಮ ಕೈಗೊಳ್ಳಬೇಕಾಗಿ ವಿನಂತಿ ಎಂದು. ಮೂವತ್ತು ವರ್ಷ ಕಚೇರಿಯ ಪತ್ರ ಬರೆದವರ ಸಾಲು. ನಮ್ಮ ಕಡೆ ಇದಕ್ಕಿಂತ ವಿನಯವಾದ ವಾಕ್ಯವಿಲ್ಲ. ಉತ್ತರವೂ ವಿನಯವಾಗಿಯೇ ಬಂದಿತ್ತು: ತಂತ್ರಜ್ಞರು ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ. ರಾತ್ರಿ ಪಾಳಿಯವರ ದೃಷ್ಟಿಯಿಂದ ನೋಡಿದರೆ ಅವರನ್ನು ದೂರುವಂತಿಲ್ಲ. ‘ಸಿಕ್ಕಿಹಾಕಿಕೊಂಡಿದೆ’ ಎಂದರೆ ಸಾಧನ ಕೆಟ್ಟಿದೆ ಎಂದು ಅವರು ತಿಳಿದರು. ಕೆಟ್ಟ ಟ್ಯಾಬ್ಲೆಟ್ ಬೆಳಗಿನವರೆಗೆ ಕಾಯಬಹುದು, ಅದರಿಂದ ಯಾರ ನಿದ್ರೆಗೂ ಭಂಗವಿಲ್ಲ. ಭಾಷೆಯ ಮಾತೇ ಆ ಸಾಲಿನಲ್ಲಿರಲಿಲ್ಲ. ಚಳಿಯೂ ಇರಲಿಲ್ಲ, ಕತ್ತಲೂ ಇರಲಿಲ್ಲ.

ಆ ಒಂದು ಪದದಲ್ಲೂ ಒಂದು ಬಿಕ್ಕಟ್ಟಿದೆ. ಜರ್ಮನ್ ಭಾಷೆಯಲ್ಲಿ ‘Tablett’ ಎಂದರೆ ತಟ್ಟೆ-ಲೋಟ ಇಟ್ಟು ತರುವ ಹರಿವಾಣ, ‘Tablette’ ಎಂದರೆ ಗುಳಿಗೆ, ‘Tablet’ ಎಂದರೆ ನಾವು ಹೇಳುವ ಸಾಧನ. ಒಂದು ‘t’, ಒಂದು ‘e’ ಹೆಚ್ಚುಕಡಿಮೆಯಾದರೆ ಕೋಣೆಗೆ ಬರುವ ವಸ್ತುವೇ ಬೇರೆ. ಆದ್ದರಿಂದ ಬರೆಯುವಾಗ ಬರೀ ಟ್ಯಾಬ್ಲೆಟ್ ಎನ್ನದೆ ‘ಕೋಣೆಯ ದೀಪ ಮತ್ತು ಏಸಿಯನ್ನು ನಿಯಂತ್ರಿಸುವ ಟಚ್‌ಸ್ಕ್ರೀನ್’ ಎಂದು ಬಿಡಿಸಿ ಹೇಳುವುದು ಎಲ್ಲ ದೇಶದಲ್ಲೂ ಒಳ್ಳೆಯದು.

ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಯ ವಿಷಯವನ್ನು ಮತ್ತೊಬ್ಬ ವೈದ್ಯರಿಗೆ ದೂರವಾಣಿಯಲ್ಲಿ ಒಪ್ಪಿಸುವಾಗ ನಾವು ಒಂದು ಕ್ರಮವನ್ನು ಅನುಸರಿಸುತ್ತೇವೆ. ಎಸ್‌ಬಾರ್ ಎಂದು ಅದರ ಹೆಸರು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಸ್ಪತ್ರೆಗಳಿಗೆ ಬಂದ ಪದ್ಧತಿ ಅದು. ಈಗ ಏನಾಗಿದೆ, ಅದರ ಹಿನ್ನೆಲೆ ಏನು, ನನ್ನ ಅಂದಾಜು ಏನು, ನೀವು ಏನು ಮಾಡಬೇಕು: ಈ ನಾಲ್ಕೇ. ರಾತ್ರಿ ಹತ್ತು ಕೆಲಸಗಳ ನಡುವೆ ಫೋನು ಎತ್ತಿಕೊಳ್ಳುವ ಕಿರಿಯ ವೈದ್ಯರಿಗೂ, ಹತ್ತು ಅತಿಥಿಗಳ ನಡುವೆ ಪರದೆ ನೋಡುವ ರಿಸೆಪ್ಷನ್ನಿನವರಿಗೂ ಬೇಕಾದದ್ದು ಒಂದೇ ಬಗೆಯ ಮಾಹಿತಿ. ಮರುಪ್ರಶ್ನೆ ಕೇಳದೆಯೇ ಅವರು ಎದ್ದು ಹೊರಡುವಂತಿರಬೇಕು. ಆ ಕ್ರಮದಲ್ಲೇ ನಾನು ಇಂಗ್ಲಿಷಿನಲ್ಲಿ ಬರೆದು ಭಾವನವರಿಗೆ ಕಳಿಸಿದೆ. ಅವರು ತಮ್ಮ ಫೋನಿನಿಂದ ಹಾಗೆಯೇ ಹೋಟೆಲಿಗೆ ಕಳಿಸಿದರು. ಅದರ ಕನ್ನಡ ರೂಪ ಹೀಗಿದೆ:

“ಕೋಣೆ 614. ಈಗಲೇ ಒಬ್ಬರು ಬರಬೇಕು, ಬೆಳಗಿನವರೆಗೆ ಕಾಯಲಾಗದು. ದೀಪ ಮತ್ತು ಏಸಿಯನ್ನು ನಿಯಂತ್ರಿಸುವ ಟಚ್‌ಸ್ಕ್ರೀನ್ ಅರಬ್ಬಿ ಭಾಷೆಯಲ್ಲಿದೆ, ನಮಗೆ ಇಂಗ್ಲಿಷ್ ಬರುತ್ತದೆ, ಅರಬ್ಬಿ ಬರುವುದಿಲ್ಲ. ಸಾಧನ ಕೆಟ್ಟಿಲ್ಲ, ಬೆಳಗುತ್ತಿದೆ, ಮುಟ್ಟಿದರೆ ಸ್ಪಂದಿಸುತ್ತಿದೆ. ಏಸಿ 16ರಲ್ಲಿದೆ, ಎಲ್ಲ ದೀಪಗಳೂ ಆರಿವೆ. ಕೋಣೆಯಲ್ಲಿ ಬೇರೆ ದೂರವಾಣಿ ಇಲ್ಲ. ನಮಗೆ 74 ಮತ್ತು 70 ವರ್ಷ, ನನ್ನ ಹೆಂಡತಿ ಇನ್ಸುಲಿನ್ ತೆಗೆದುಕೊಳ್ಳುವವಳು, ಅವಳನ್ನು ಕತ್ತಲಲ್ಲಿ ಒಬ್ಬಳೇ ಬಿಟ್ಟು ಕೆಳಗೆ ಬರಲಾರೆ. ಭಾಷೆಯ ಪಟ್ಟಿಯಲ್ಲಿ English ಎಂಬ ಪದ ಕಾಣುತ್ತಿಲ್ಲ. ಪರದೆಯ ಮೇಲ್ತುದಿಯಲ್ಲಿ ವೈಫೈ ಚಿಹ್ನೆ ಇಲ್ಲ. ದಯವಿಟ್ಟು ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿ. ಅದು ಈಗ ಆಗದಿದ್ದರೆ ಏಸಿಯನ್ನು 23ಕ್ಕೆ ಇಟ್ಟು ಸ್ನಾನದ ಮನೆಯ ದೀಪವನ್ನು ಹೊತ್ತಿಸಿಕೊಡಿ, ಅಥವಾ ಕೋಣೆ ಬದಲಿಸಿಕೊಡಿ. ಬಾಗಿಲ ಹೊರಗೆ ಕೆಂಪು ದೀಪ ಉರಿಯುತ್ತಿರಬಹುದು. ಉರಿದರೂ ಬಾಗಿಲು ತಟ್ಟಿ, ನಿಮ್ಮ ಹೆಸರು ಹೇಳಿ.”

ಕೊನೆಯ ಸಾಲಿಗೆ ಒಂದು ಕಾರಣವಿತ್ತು. ಭಾವನವರು ಕರೆಗಂಟೆ ಇರಬಹುದೆಂದು ಕೆಂಪು ಬಣ್ಣದ ಚಿಹ್ನೆಯೊಂದನ್ನು ಒತ್ತಿದ್ದರು. ‘ತೊಂದರೆ ಕೊಡಬೇಡಿ’ ಎಂಬುದಕ್ಕೆ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣ ಅದೇ. ಹಾಗಿದ್ದರೆ ಬಾಗಿಲ ಹೊರಗೆ ಕೆಂಪು ದೀಪ ಹೊತ್ತಿರುತ್ತದೆ, ಸಿಬ್ಬಂದಿ ಬಾಗಿಲವರೆಗೆ ಬಂದರೂ ತಟ್ಟದೆ ಹಿಂದಿರುಗಬಹುದು. ಹೆಸರು ಹೇಳಿ ಎಂದದ್ದು ಭದ್ರತೆಗೆ. ಅಪರಾತ್ರಿಯಲ್ಲಿ ಯಾರು ತಟ್ಟಿದರೂ ಹಿರಿಯರು ಬಾಗಿಲು ತೆರೆಯಬಾರದು; ನೋಡುಗಂಡಿಯಲ್ಲಿ ಹಣಿಕಿ, ಹೆಸರಿನ ಬಿಲ್ಲೆ ಕಂಡ ಮೇಲೆ ತೆರೆಯಬೇಕು.

ಕೆಳಗಿಳಿದು ಹೋಗಿ ಕೇಳಬಾರದಿತ್ತೇ ಎಂದು ನೀವು ಕೇಳಬಹುದು. ಕೇಳಬಹುದು, ಜೊತೆಗಿರುವವರು ಗಟ್ಟಿಯಾಗಿದ್ದರೆ ಅದೇ ಅತ್ಯಂತ ಚುರುಕಿನ ದಾರಿ. ಆಗಲೂ ಇದೇ ಸಂದೇಶವನ್ನು ಫೋನಿನಲ್ಲಿ ಬರೆದುಕೊಂಡು ಕೌಂಟರಿನಲ್ಲಿ ತೋರಿಸುವುದು ಮೇಲು. ಎದುರಿನವರ ಇಂಗ್ಲಿಷಿಗೂ ನಮ್ಮ ಇಂಗ್ಲಿಷಿಗೂ ಉಚ್ಚಾರಣೆಯ ಅಂತರವಿರುತ್ತದೆ, ಬರೆದ ಅಕ್ಷರಕ್ಕೆ ಆ ತೊಂದರೆಯಿಲ್ಲ.

ಸಂದೇಶದಲ್ಲಿದ್ದ ಎರಡು ಸಣ್ಣ ವಿವರಗಳು, ಅಂದರೆ English ಎಂಬ ಪದ ಪಟ್ಟಿಯಲ್ಲಿಲ್ಲ, ವೈಫೈ ಚಿಹ್ನೆಯಿಲ್ಲ ಎಂಬವು, ಓದುವವರಿಗೆ ಅನಾವಶ್ಯಕವೆನಿಸಬಹುದು. ಸಿಬ್ಬಂದಿಗೆ ಅವೇ ಮುಖ್ಯ. ಏಕೆಂದು ತಿಳಿಯಬೇಕಾದರೆ ಈ ಟ್ಯಾಬ್ಲೆಟ್ ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಸ್ವಲ್ಪ ನೋಡಬೇಕು.

ಇದು ಮನೆಯಲ್ಲಿ ಮಕ್ಕಳ ಕೈಯಲ್ಲಿರುವಂಥ ಟ್ಯಾಬ್ಲೆಟ್ಟೇ, ಆದರೆ ಬೀಗ ಹಾಕಿದ್ದು. ಹೋಟೆಲಿನ ಒಂದೇ ತಂತ್ರಾಂಶ ತೆರೆದಿರುವಂತೆ, ಅತಿಥಿ ಅದರಾಚೆ ಹೋಗಲಾಗದಂತೆ ಅದನ್ನು ಕಟ್ಟಿಹಾಕಿರುತ್ತಾರೆ. ಭಾಷೆ ಅದರಲ್ಲಿ ಎರಡು ಪದರಗಳಲ್ಲಿ ಇರುತ್ತದೆ. ಮೇಲಿನ ಪದರ ಹೋಟೆಲಿನ ತಂತ್ರಾಂಶದ ಭಾಷೆ. ಅತಿಥಿ ಭೂಗೋಲದ ಚಿಹ್ನೆಯನ್ನು ಒತ್ತಿ ಬದಲಿಸಬಹುದಾದದ್ದು. ಕೆಳಗಿನ ಪದರ ಇಡೀ ಸಾಧನದ ಭಾಷೆ. ಅದು ಸಿಬ್ಬಂದಿಯ ಗುಪ್ತಸಂಖ್ಯೆಯ ಹಿಂದೆ ಇರುತ್ತದೆ. ಯಾವ ಪದರದಲ್ಲಿ ತೊಡಕಿದೆ ಎಂದು ತಿಳಿಯಲು ಒಂದು ಸುಲಭ ಗುರುತಿದೆ. ಹುಡುಕುವ ಜಾಗದಲ್ಲಿ ಬೆರಳಿಟ್ಟಾಗ ಮೂಡುವ ಕೀಲಿಮಣೆಯೂ ಅರಬ್ಬಿಯಲ್ಲೇ ಇದ್ದರೆ ಕೆಳಗಿನ ಪದರವೇ ಬದಲಾಗಿರುವ ಸಂಭವ ಹೆಚ್ಚು, ಅತಿಥಿಯಿಂದ ಅದು ಸರಿಹೋಗದು. ಕೀಲಿಮಣೆ ಇಂಗ್ಲಿಷಿನಲ್ಲಿದ್ದು ಬರಹ ಮಾತ್ರ ಅರಬ್ಬಿಯಲ್ಲಿದ್ದರೆ ಮೂಲೆಯ ಭೂಗೋಲವನ್ನು ಹುಡುಕಬಹುದು.

ಚೆನ್ನಾಗಿ ಮಾಡಿದ ತಂತ್ರಾಂಶದಲ್ಲಿ ಭಾಷೆಗಳ ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುತ್ತದೆ: English, Deutsch, العربية ಎಂದು. ಯಾವ ಭಾಷೆಯಲ್ಲಿ ಸಿಲುಕಿದರೂ ಹೊರಬರಲು ಒಂದು ಕಿಂಡಿ ಇರಬೇಕಲ್ಲ, ಅದಕ್ಕಾಗಿ. ಆ ರಾತ್ರಿಯ ಟ್ಯಾಬ್ಲೆಟ್ಟಿನಲ್ಲಿ ಆ ಎಚ್ಚರ ಇರಲಿಲ್ಲ. ಇಂಗ್ಲಿಷ್ ಎಂಬ ಪದವೂ ಅರಬ್ಬಿಯಲ್ಲೇ ‘الإنجليزية’ ಎಂದು ಬರೆದಿತ್ತು. ಓದಲು ಬಂದವರಿಗಷ್ಟೇ ಓದಲು ಬಾರದ ಭಾಷೆಯಿಂದ ಹೊರಬರಲು ಸಾಧ್ಯ ಎಂಬಂಥ ಏರ್ಪಾಡು! ತಂತ್ರಾಂಶ ಬರೆದವರು ಒಮ್ಮೆಯಾದರೂ ತಮಗೆ ಬಾರದ ಭಾಷೆಯಲ್ಲಿ ಅದನ್ನು ಬಳಸಿ ನೋಡಬೇಕಿತ್ತು.

ಇನ್ನು ವೈಫೈ. ಅತಿಥಿ ಕೋಣೆ ಬಿಟ್ಟಾಗ ರಿಸೆಪ್ಷನ್ನಿನ ಕಂಪ್ಯೂಟರಿನಲ್ಲಿ ಅದನ್ನು ದಾಖಲಿಸುತ್ತಾರೆ. ಇಂಥ ವ್ಯವಸ್ಥೆಗಳಲ್ಲಿ ಆ ದಾಖಲೆಯೇ ಒಂದು ಸಂಕೇತವಾಗಿ ಕೋಣೆಯ ಟ್ಯಾಬ್ಲೆಟ್ಟಿಗೆ ಹೋಗಿ, ಹಿಂದಿನವರ ಹೆಸರು, ಅಲಾರಂ, ಭಾಷೆ ಎಲ್ಲವನ್ನೂ ಅಳಿಸಿ ಮೊದಲಿನ ಸ್ಥಿತಿಗೆ ತರುತ್ತದೆ. ಆ ಹೊತ್ತಿಗೆ ಟ್ಯಾಬ್ಲೆಟ್ ಜಾಲದಲ್ಲಿ ಇಲ್ಲದಿದ್ದರೆ ಸಂಕೇತ ತಲುಪುವುದಿಲ್ಲ. ಚಾರ್ಜ್ ಮುಗಿದು ಆರಿಹೋಗಿರಬಹುದು, ವೈಫೈ ಕಡಿದಿರಬಹುದು. ಹೊಸ ಅತಿಥಿ ಬಂದಾಗ ಹಳೆಯ ಅತಿಥಿಯ ಭಾಷೆ ಅಲ್ಲೇ ಕುಳಿತಿರುತ್ತದೆ. ಸ್ವಾಗತದ ಪುಟದಲ್ಲಿ ನಿಮ್ಮದಲ್ಲದ ಹೆಸರು ಕಂಡರೆ, ಆಗಿರುವುದು ಇದೇ ಎಂದು ತಿಳಿಯಬಹುದು. ಆ ಹೆಸರನ್ನು ಫೋಟೊ ತೆಗೆದು ಊರೆಲ್ಲ ಹಂಚಬೇಡಿ. ರಿಸೆಪ್ಷನ್ನಿಗೆ ಕಳಿಸುವ ಚಿತ್ರದಲ್ಲೂ ಅದನ್ನು ಬೆರಳಿನಿಂದ ಮರೆಮಾಡಿ. ನಿಮ್ಮ ಹೆಸರು ಮುಂದಿನವರಿಗೆ ಕಾಣಬಾರದೆಂದು ನೀವು ಬಯಸುವಂತೆಯೇ ಇದೂ.

ವೈಫೈ ಚಿಹ್ನೆ ಇಲ್ಲ ಎಂದು ತಿಳಿಸಿದ್ದರಿಂದ ರಾತ್ರಿ ಪಾಳಿಯ ತರುಣಿಗೆ ಕೌಂಟರಿನಲ್ಲಿ ಕುಳಿತೇ ಸರಿಪಡಿಸುವ ಯತ್ನದಲ್ಲಿ ಹೊತ್ತು ಕಳೆಯಬೇಕಾಗಲಿಲ್ಲ. ಜಾಲದಲ್ಲಿಲ್ಲದ ಸಾಧನವನ್ನು ದೂರದಿಂದ ಮುಟ್ಟಲಾಗದು. ಸಂದೇಶ ಕಳಿಸಿದ ಜೊತೆಗೆ ನಾನು ಇಂಗ್ಲೆಂಡಿನಿಂದ ಹೋಟೆಲಿಗೆ ದೂರವಾಣಿ ಕರೆಯನ್ನೂ ಮಾಡಿದ್ದೆ. ಇಲ್ಲಿ ಊರಿನ ಬಂಧುಗಳು ಗಮನಿಸಬೇಕಾದ ವಿಷಯವಿದೆ. ಇಂಥವರು ನಿಮ್ಮಲ್ಲಿ ಉಳಿದಿದ್ದಾರೆಯೇ ಎಂದು ಕೇಳಿದರೆ ಯೂರೋಪಿನ ಹೋಟೆಲಿನವರು ಉತ್ತರಿಸಲು ಹಿಂಜರಿಯುತ್ತಾರೆ. ಅತಿಥಿಯ ವಿವರ ಮೂರನೆಯವರಿಗೆ ಕೊಡಬಾರದೆಂಬುದು ಅವರ ಕಟ್ಟುಪಾಡು. ಅದರ ಮೇಲೆ ಕೋಪಿಸಿಕೊಂಡು ಪ್ರಯೋಜನವಿಲ್ಲ. ನಾನು ಏನನ್ನೂ ಕೇಳಲಿಲ್ಲ. ‘ನೀವು ನನಗೆ ಏನನ್ನೂ ಖಚಿತಪಡಿಸಬೇಕಿಲ್ಲ. 614ನೆಯ ಕೋಣೆಯಿಂದ ಐದು ನಿಮಿಷದ ಹಿಂದೆ ಒಂದು ಸಂದೇಶ ಬಂದಿದೆ, ಅದನ್ನು ಈಗ ಓದಿ, ಅಷ್ಟು ಸಾಕು’ ಎಂದೆ. ಇದಕ್ಕೆ ಯಾವ ನಿಯಮವೂ ಅಡ್ಡಬರುವುದಿಲ್ಲ. ಹೋಟೆಲಿನ ಸಾಮಾನ್ಯ ಇಮೇಲಿಗೆ ಬರೆದಿದ್ದರೆ ಅದು ಬುಕಿಂಗ್ ವಿಭಾಗದವರು ಬೆಳಿಗ್ಗೆ ಬಂದು ತೆರೆಯುವವರೆಗೆ ಹಾಗೆಯೇ ಇರುತ್ತಿತ್ತೇನೋ. ರಾತ್ರಿಯ ಸಂದೇಶಕ್ಕೆ ಬೆನ್ನಿಗೊಂದು ಕರೆ ಬೇಕು.

ಹನ್ನೆರಡು ನಿಮಿಷಕ್ಕೆ ಬಾಗಿಲು ತಟ್ಟಿದ ಸದ್ದನ್ನು ನಾನೂ ವಿಡಿಯೊದಲ್ಲಿ ಕೇಳಿದೆ. ಬಂದ ತರುಣಿ ಪರದೆಯ ಒಂದು ಮೂಲೆಯನ್ನು ಒತ್ತಿ ಹಿಡಿದು, ಗುಪ್ತಸಂಖ್ಯೆ ಹಾಕಿ, ಮೊದಲು ವೈಫೈ ಜೋಡಿಸಿ, ಆಮೇಲೆ ಸಾಧನದ ಭಾಷೆಯನ್ನು ಬದಲಿಸಿ, ಅದನ್ನು ಒಮ್ಮೆ ಆರಿಸಿ ಹೊತ್ತಿಸಿದಳು. ಪಕ್ಕದ ಖಾಲಿ ಕೋಣೆಯ ಟ್ಯಾಬ್ಲೆಟ್ಟನ್ನೇ ತಂದುಕೊಡಬಾರದೇ ಎಂದು ಭಾವನವರು ಕೇಳಿದರಂತೆ. ಪ್ರತಿ ಟ್ಯಾಬ್ಲೆಟ್ಟೂ ತನ್ನ ಕೋಣೆಯ ಯಂತ್ರಗಳೊಂದಿಗೆ ಜೋಡಿಯಾಗಿರುತ್ತದೆ. ಅದನ್ನು ಇಲ್ಲಿ ಒತ್ತಿದರೆ ಅಲ್ಲಿನ ದೀಪ ಹೊತ್ತುತ್ತದೆ ಎಂದು ಆಕೆ ನಕ್ಕಳಂತೆ. ಇದೇ ಕಾರಣಕ್ಕೆ ಗುಂಡಿಗಳನ್ನು ಒತ್ತಿ ಹಿಡಿದು ಟ್ಯಾಬ್ಲೆಟ್ಟನ್ನು ಕಾರ್ಖಾನೆಯ ಸ್ಥಿತಿಗೆ ತರುವ ಸಾಹಸವನ್ನು ಅತಿಥಿಗಳು ಮಾಡಬಾರದು. ಅದು ಹೊಸದಾಗಿ ಕೊಂಡ ಸಾಧನದಂತಾಗಿ ಕೋಣೆಯನ್ನೇ ಮರೆತುಬಿಡುತ್ತದೆ, ಆಗ ನಿಜಕ್ಕೂ ಬೆಳಗಿನವರೆಗೆ ಕಾಯಬೇಕಾಗುತ್ತದೆ.

ಸಿಬ್ಬಂದಿ ಹೊರಡುವ ಮುನ್ನ ಅವರ ಎದುರಿಗೇ ಮೂರು ಕೆಲಸ ಮಾಡಿಸಿ ಎಂದು ಫೋನಿನಲ್ಲೇ ಹೇಳಿದೆ. ಉಷ್ಣತೆ 23 ತೋರಿಸಬೇಕು. ಸ್ನಾನದ ಮನೆಯ ದೀಪವನ್ನು ಭಾವನವರೇ ಒಮ್ಮೆ ಆರಿಸಿ ಹೊತ್ತಿಸಬೇಕು. ರಿಸೆಪ್ಷನ್ನಿಗೆ ಒಂದು ಕರೆ ಹೋಗಬೇಕು. ಅದಾದ ಮೇಲೆ ಪರದೆ ತಾನಾಗಿ ಆರಿ, ಮತ್ತೆ ಮುಟ್ಟಿದಾಗಲೂ ಇಂಗ್ಲಿಷಿನಲ್ಲಿಯೇ ಎಚ್ಚರಗೊಳ್ಳುತ್ತದೆಯೇ ಎಂದು ನೋಡಬೇಕು. ಮೇಲಿನ ಪದರವನ್ನಷ್ಟೇ ಬದಲಿಸಿ ಹೋಗಿದ್ದರೆ ಕೆಲವು ಟ್ಯಾಬ್ಲೆಟ್ಟುಗಳು ಒಂದು ನಿದ್ರೆ ಮುಗಿಸಿ ಹಳೆಯ ಭಾಷೆಗೇ ಮರಳುತ್ತವೆ. ಅಷ್ಟು ಹೊತ್ತಿಗೆ ಅಕ್ಕ ಎರಡು ಕಂಬಳಿ ಹೊದ್ದು ಕುಳಿತಿದ್ದರು. “ದೀಪ ಬಂತಲ್ಲ, ಇನ್ನು ಏನನ್ನೂ ಮುಟ್ಟಬೇಡಿ ಅಂತ ನಿಮ್ಮ ಭಾವನಿಗೆ ಹೇಳು,” ಎಂದರು. ಅವರ ರಾತ್ರಿಯ ಇನ್ಸುಲಿನ್ ಹೊತ್ತು ಮೀರಿರಲಿಲ್ಲ.

ನಿಮ್ಮ ಮನೆಯಿಂದ ಹಿರಿಯರು ಹೊರಡುವುದಿದ್ದರೆ ಮೇಲಿನ ಸಂದೇಶವನ್ನು ಇಂಗ್ಲಿಷಿನಲ್ಲಿ ಬರೆದು, ಕೋಣೆಯ ಸಂಖ್ಯೆಗೂ ಭಾಷೆಯ ಹೆಸರಿಗೂ ಖಾಲಿ ಜಾಗ ಬಿಟ್ಟು, ಅವರ ಫೋನಿನಲ್ಲಿ ಇಟ್ಟುಕೊಡಿ. ಜೊತೆಗೆ ಹೋಟೆಲಿನ ರಿಸೆಪ್ಷನ್ನಿನ ಸಂಖ್ಯೆಯನ್ನು ದೇಶದ ಸಂಕೇತ ಸಮೇತ, ಜರ್ಮನಿಯಾದರೆ +49, ಅವರ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಉಳಿಸಿಕೊಳ್ಳಿ. ಹೊರದೇಶದಲ್ಲಿ ಕರೆ ಹೋಗುವ ಸಿಮ್ ಅವರಲ್ಲಿಲ್ಲದಿದ್ದರೆ ಹೋಟೆಲಿನ ವೈಫೈಯಲ್ಲಿ ನಿಮಗೆ ವಾಟ್ಸಾಪ್ ಬರುತ್ತದೆ, ಉಳಿದದ್ದನ್ನು ನೀವು ಕರೆ ಮಾಡಿ ಮುಗಿಸಬಹುದು. ಕೋಣೆ ಕಾದಿರಿಸುವಾಗ ಗೋಡೆಯಲ್ಲಿ ಸ್ವಿಚ್ಚುಗಳಿರುವ ಕೋಣೆ ಬೇಕೆಂದು ವಿಶೇಷ ಕೋರಿಕೆಯ ಜಾಗದಲ್ಲಿ ಬರೆಯಬಹುದು. ಹಳೆಯ ಕಟ್ಟಡದ ಹೋಟೆಲುಗಳಲ್ಲಿ ಅದು ಸಿಕ್ಕರೂ ಸಿಗುತ್ತದೆ. ಸಿಗದಿದ್ದರೆ ಬೀಗದ ಕಾರ್ಡು ಕೈಗೆ ಬಂದಾಗ, ಸಾಮಾನು ತರುವವರು ಇನ್ನೂ ಕೋಣೆಯಲ್ಲಿರುವಾಗಲೇ, ಸ್ನಾನದ ಮನೆಯ ದೀಪ ಹೇಗೆ ಹೊತ್ತುತ್ತದೆ, ರಿಸೆಪ್ಷನ್ನಿಗೆ ಕರೆ ಹೇಗೆ ಹೋಗುತ್ತದೆ ಎಂದು ಒಮ್ಮೆ ತೋರಿಸಿಕೊಳ್ಳಲು ಅವರಿಗೆ ಹೇಳಿ.